ಅಟ್ಟದಿಂದ ಇಳಿದ ರೇಡಿಯೋ ಯಾವ ಕಾಲದ್ದು? ಆರ್ಟ್ ಡೆಕೊ ಮತ್ತು ಮಿಡ್-ಸೆಂಚುರಿ ವಸ್ತುಗಳನ್ನು ಗುರುತಿಸುವ ಕ್ರಮ

ಬೇಸಿಗೆಯಲ್ಲಿ ಹೆಂಚು ಸರಿಪಡಿಸಲೆಂದು ಅಟ್ಟ ಖಾಲಿ ಮಾಡುವ ಕಾಲ ಬಂತೆಂದರೆ ಕೊಡಗಿನ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಅಜ್ಜನ ಕಾಲದ ರೇಡಿಯೋ ಸಿಕ್ಕಿದೆ, ದುಂಡು ಕನ್ನಡಿಯ ಡ್ರೆಸ್ಸಿಂಗ್ ಟೇಬಲ್ ಇದೆ, ಇವು ಬ್ರಿಟಿಷರ ಕಾಲದವೇ, ಗುಜರಿಯವರು ಕೇಳುತ್ತಿದ್ದಾರೆ, ಕೊಡಬಹುದೇ ಎಂಬುದು ಅವುಗಳ ಸಾರಾಂಶ. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಉತ್ತರ ಬರೆಯುವ ಬದಲು, ನೀವೇ ಮನೆಯಲ್ಲಿ ಕುಳಿತು ನೋಡಿ ತೀರ್ಮಾನಿಸಲು ಬೇಕಾದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಮುಖ್ಯವಾಗಿ ರೇಡಿಯೋವನ್ನೇ ಆರಿಸಿಕೊಂಡಿದ್ದೇನೆ. ಹೊರಗಿನ ರೂಪ, ಬಳಸಿದ ವಸ್ತು, ಒಳಗಿನ ಯಂತ್ರ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಓದಲು ಸಿಗುವ ಮನೆಬಳಕೆಯ ವಸ್ತು ಅದೊಂದೇ. ಅದನ್ನು ಓದಲು ಕಲಿತವರಿಗೆ ಮೇಜು, ಕುರ್ಚಿ, ಗಡಿಯಾರಗಳನ್ನು ನೋಡುವುದು ಸುಲಭ.

ಮೊದಲು ಎರಡು ಹೆಸರುಗಳ ಅರ್ಥ ತಿಳಿದಿರಲಿ. ಆರ್ಟ್ ಡೆಕೊ ಎಂಬುದು 1920 ಮತ್ತು 1930ರ ದಶಕಗಳಲ್ಲಿ ಹರಡಿದ ಅಲಂಕಾರ ಶೈಲಿ. 1925ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಲಂಕಾರಿಕ ಕಲೆಗಳ ದೊಡ್ಡ ಪ್ರದರ್ಶನದಿಂದ ಅದಕ್ಕೆ ಆ ಹೆಸರು ಬಂತಾದರೂ, ಹೆಸರು ಬಳಕೆಗೆ ಬಂದದ್ದು 1960ರ ದಶಕದಲ್ಲಿ, ಅಂದರೆ ಶೈಲಿ ಹಳತಾದ ಮೇಲೆ. ಮುಂಬಯಿಯ ಮರೀನ್ ಡ್ರೈವಿನ ಕಟ್ಟಡಗಳನ್ನು ನೋಡಿದವರಿಗೆ ಆ ಶೈಲಿ ಗೊತ್ತಿರುತ್ತದೆ, ಹೆಸರು ಗೊತ್ತಿಲ್ಲದಿರಬಹುದು ಅಷ್ಟೆ. ಮಿಡ್-ಸೆಂಚುರಿ ಎಂದರೆ ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಇಪ್ಪತ್ತು ಇಪ್ಪತ್ತೈದು ವರ್ಷಗಳ ಶೈಲಿ. ಇದು ಅಲಂಕಾರವನ್ನು ಕಡಿಮೆ ಮಾಡಿ, ವಸ್ತುವನ್ನು ಹಗುರವಾಗಿ, ಉದ್ದಕ್ಕೆ, ನೆಲದಿಂದ ಎತ್ತಿ ನಿಲ್ಲಿಸಿದ ಕಾಲ.

ಈ ಲೇಖನದ ಉದ್ದಕ್ಕೂ ಒಂದು ಮಾತನ್ನು ಹಿಡಿದುಕೊಂಡಿರಿ: ರೂಪ ಹೇಳುವುದು ಶೈಲಿಯನ್ನು, ಒಳಭಾಗ ಹೇಳುವುದು ಕಾಲವನ್ನು. ನಮ್ಮಲ್ಲಿ ಇವೆರಡೂ ಹೊಂದಿಕೊಳ್ಳಲೇಬೇಕೆಂದಿಲ್ಲ. ಯುರೋಪಿನಲ್ಲಿ ಹಳೆಯದಾದ ಡೆಕೊ ರೇಖೆಗಳನ್ನು ನಮ್ಮ ಬಡಗಿಗಳೂ ನಮ್ಮ ಕಾರ್ಖಾನೆಗಳೂ 1950ರ ದಶಕದಲ್ಲೂ ಬಳಸುತ್ತಲೇ ಇದ್ದವು. ಆದ್ದರಿಂದ ದುಂಡು ಅಂಚು ಕಂಡ ಕೂಡಲೇ 1930 ಎಂದು ಬರೆದಿಟ್ಟುಕೊಳ್ಳಬೇಡಿ.

ಬೇಕಾಗುವ ಸಾಮಾನು

ಒಂದು ಟಾರ್ಚು, ಮೃದುವಾದ ಒಣ ಬ್ರಷ್ಷು, ಭೂತಗನ್ನಡಿ, ಒಂದೇ ಗೀರಿನ ತಲೆಯುಳ್ಳ ಸ್ಕ್ರೂಗಳಿಗೆ ಹೊಂದುವ ಸ್ಕ್ರೂಡ್ರೈವರ್, ಹಳೆಯ ಬೆಡ್‌ಶೀಟು, ಫೋಟೋ ತೆಗೆಯಲು ಮೊಬೈಲು ಇದ್ದರೆ ಸಾಕು. ನೀರು, ಸೋಪು, ಸೀಮೆಎಣ್ಣೆ, ಥಿನ್ನರ್ ಇವು ಯಾವುವೂ ಹತ್ತಿರದಲ್ಲಿರಬಾರದು. ಹಗಲು ಬೆಳಕಿನಲ್ಲಿ ನೋಡಿ. ಮಳೆಗಾಲದ ನಡುವೆ ಅಟ್ಟದಿಂದ ಇಳಿಸಿದ್ದಾದರೆ ಒಂದು ವಾರ ಗಾಳಿಯಾಡುವ ಕೋಣೆಯಲ್ಲಿ ಸುಮ್ಮನೆ ಇಟ್ಟು ಆಮೇಲೆ ಮುಟ್ಟಿರಿ. ಬಿಸಿಲಿಗೆ ಇಟ್ಟರೆ ಒದ್ದೆಯಾಗಿ ಉಬ್ಬಿದ ಮರ ಒಮ್ಮೆಗೇ ಒಣಗಿ ಬಿರುಕು ಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು: ಹಳೆಯ ರೇಡಿಯೋವನ್ನು "ಹಾಡುತ್ತದೆಯೇ ನೋಡೋಣ" ಎಂದು ಪ್ಲಗ್ಗಿಗೆ ಸಿಕ್ಕಿಸಬೇಡಿ. ಕಾರಣವನ್ನು ನಾಲ್ಕನೆಯ ಹಂತದಲ್ಲಿ ಹೇಳಿದ್ದೇನೆ.

ಹಂತ 1: ಹತ್ತು ಅಡಿ ದೂರದಿಂದ ಹೊರರೇಖೆಯನ್ನು ನೋಡಿ

ವಸ್ತುವನ್ನು ಮೇಜಿನ ಮೇಲಿಟ್ಟು ದೂರ ನಿಲ್ಲಿ. ವಿವರಗಳನ್ನು ಬಿಟ್ಟು ಆಕಾರವನ್ನಷ್ಟೇ ನೋಡಿ.

ಡೆಕೊ ರೂಪದ ರೇಡಿಯೋದ ಎಡ ಬಲ ಸಾಮಾನ್ಯವಾಗಿ ಸಮವಾಗಿರುತ್ತದೆ. 1930ರ ದಶಕದ ಮೊದಲ ಭಾಗದ ಪೆಟ್ಟಿಗೆಗಳು ನಿಂತ ಆಕಾರದವು, ಮೇಲೆ ಸ್ಪೀಕರು, ಕೆಳಗೆ ಸಣ್ಣ ಡಯಲು, ಅದರ ಕೆಳಗೆ ತಿರುಗುಗುಬ್ಬಿಗಳು. ಭುಜಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ ಅಥವಾ ಜಲಪಾತದ ಅಂಚಿನಂತೆ ನಯವಾಗಿ ಬಾಗಿ ಇಳಿಯುತ್ತವೆ. ಸ್ಪೀಕರಿನ ಮುಂದೆ ಉದಯಸೂರ್ಯನ ಕಿರಣಗಳಂತೆ ಹರಡಿದ ಪಟ್ಟಿಗಳೋ, ಅಡ್ಡಲಾಗಿ ಹರಿಯುವ ಮೂರು ಸಮಾನಾಂತರ ಗೆರೆಗಳೋ ಇರುತ್ತವೆ. ಈ ಗೆರೆಗಳು ಆ ಕಾಲದ ರೈಲು, ಹಡಗು, ಮೋಟಾರುಗಳ ವೇಗವನ್ನು ಕಣ್ಣಿಗೆ ತರಲೆಂದು ಹಾಕಿದವು. ನಿಂತಲ್ಲೇ ನಿಂತಿರುವ ಪೆಟ್ಟಿಗೆಗೆ ವೇಗದ ಗೆರೆ ಯಾಕೆ ಎಂದು ಕೇಳಬಹುದು. ಡೆಕೊ ಶೈಲಿಯ ಸೊಗಸೂ ಅದರ ಹುಸಿತನವೂ ಅಲ್ಲೇ ಇದೆ.

ಮಿಡ್-ಸೆಂಚುರಿ ರೇಡಿಯೋ ಅಡ್ಡಕ್ಕೆ ಮಲಗಿರುತ್ತದೆ. ಮುಂಭಾಗದ ಹೆಚ್ಚಿನ ಜಾಗವನ್ನು ಬಟ್ಟೆ ಆಕ್ರಮಿಸಿರುತ್ತದೆ. ಅದರಲ್ಲಿ ಹೊಂಬಣ್ಣದ ಎಳೆ ಹೊಳೆಯುವುದುಂಟು. ಕೆಳಗೆ ಪೂರ್ತಿ ಅಗಲಕ್ಕೆ ಗಾಜಿನ ಡಯಲು, ಬಿಳಿ ಅಥವಾ ಕೆನೆ ಬಣ್ಣದ ಗುಬ್ಬಿಗಳು, ಅವುಗಳ ನಡುವೆ ಹಿತ್ತಾಳೆ ಬಣ್ಣದ ಬಿಲ್ಲೆ. ಹಾರ್ಮೋನಿಯಂ ಮನೆಗಳಂತೆ ಒತ್ತುವ ಬಿಳಿ ಗುಂಡಿಗಳ ಸಾಲು ಇದ್ದರೆ ಅದು 1950ರ ದಶಕದ್ದು ಅಥವಾ ಅದರ ನಂತರದ್ದೆಂದು ಧಾರಾಳವಾಗಿ ಹೇಳಬಹುದು.

ಇಲ್ಲಿ ಎಡವುವುದು ಹೇಗೆಂದರೆ, ಹಿತ್ತಾಳೆಯ ದೊಡ್ಡ ಕಹಳೆಯ ಗ್ರಾಮಫೋನುಗಳನ್ನು ಕಂಡು ಡೆಕೊ ಎನ್ನುವುದು. ಕಹಳೆ ಹೊರಗೆ ಕಾಣುವ ಗ್ರಾಮಫೋನು ಡೆಕೊಗಿಂತ ಹಿಂದಿನ ರೂಪ. ಈಗ ಪ್ರವಾಸಿ ಅಂಗಡಿಗಳಲ್ಲಿ ಫಳಫಳ ಹೊಳೆಯುತ್ತಿರುವ ಬಹುಪಾಲು ಗ್ರಾಮಫೋನುಗಳು ಹಳೆಯ ಬಿಡಿಭಾಗಗಳಿಗೆ ಹೊಸ ಪೆಟ್ಟಿಗೆ, ಹೊಸ ಕಹಳೆ ಜೋಡಿಸಿದವು.

ಹಂತ 2: ಯಾವ ವಸ್ತುವಿನಿಂದ ಮಾಡಿದ್ದು ಎಂದು ಕೈಯಿಂದ ತಿಳಿಯಿರಿ

ರೇಡಿಯೋ ಪೆಟ್ಟಿಗೆ ಮರದ್ದಾಗಿರಬಹುದು, ಬೇಕಲೈಟಿನದಾಗಿರಬಹುದು ಅಥವಾ ಅನಂತರದ ಪ್ಲಾಸ್ಟಿಕ್ಕಿನದಾಗಿರಬಹುದು.

ಬೇಕಲೈಟ್ ಎಂದರೆ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞ 1907ರಲ್ಲಿ ಕಂಡುಹಿಡಿದ, ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ಕು. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ರಾಳಕ್ಕೆ ಮರದ ಹುಡಿಯನ್ನು ಬೆರೆಸಿ, ಬಿಸಿಯಾದ ಉಕ್ಕಿನ ಅಚ್ಚಿನಲ್ಲಿ ಒತ್ತಿ ಇದನ್ನು ತಯಾರಿಸುತ್ತಿದ್ದರು. ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳು ಇದರವೇ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದಿರುವುದು ಇದರ ಗುಣ. ಬಣ್ಣ ಹೆಚ್ಚಾಗಿ ಕಪ್ಪು ಅಥವಾ ಕಂದು, ಕೆಲವೊಮ್ಮೆ ಬೀಟೆ ಮರದ ನಾರಿನಂತೆ ಎರಡು ಕಂದುಗಳ ಮಿಶ್ರಣ.

ಪರೀಕ್ಷೆ ಸರಳವಾದದ್ದು. ಕಣ್ಣಿಗೆ ಬೀಳದ ಒಂದು ಮೂಲೆಯನ್ನು, ಹಿಂಬದಿಯ ಅಂಚಾದರೆ ಒಳ್ಳೆಯದು, ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಜೋರಾಗಿ ಉಜ್ಜಿ ಕೂಡಲೇ ಮೂಸಿ ನೋಡಿ. ಕಾರ್ಬಾಲಿಕ್ ಸೋಪಿನ ಅಥವಾ ಹಳೆಯ ಆಸ್ಪತ್ರೆಯ ವಾಸನೆ ಬಂದರೆ ಬೇಕಲೈಟ್. ಆಮೇಲೆ ಉಗುರಿನಿಂದ ತಟ್ಟಿ. ಬೇಕಲೈಟ್ ಭಾರವಾಗಿ, ಮಡಕೆಯ ಹಾಗೆ ದಪ್ಪನೆಯ ಸದ್ದು ಕೊಡುತ್ತದೆ. 1950ರ ದಶಕದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕು ಹಗುರ, ಸದ್ದು ಟಿಕ್ಕೆಂದು ತೆಳ್ಳಗಿರುತ್ತದೆ.

ಕಾಸಿದ ಸೂಜಿ ಚುಚ್ಚಿ ಪರೀಕ್ಷಿಸುವ ಒಂದು ಉಪಾಯ ಬಾಯಿಂದ ಬಾಯಿಗೆ ಹರಡಿದೆ. ದಯವಿಟ್ಟು ಅದನ್ನು ಮಾಡಬೇಡಿ. ಬೇಕಲೈಟ್ ಆಗಿದ್ದರೆ ಸುಟ್ಟ ಗುರುತು ಶಾಶ್ವತ, ಬೇರೆಯದಾಗಿದ್ದರೆ ತೂತು ಶಾಶ್ವತ. ಇನ್ನೊಂದು ತಪ್ಪು ಮಂಕಾದ ಬೇಕಲೈಟನ್ನು ಮರಳು ಕಾಗದದಿಂದ ತಿಕ್ಕುವುದು. ಮೇಲಿನ ಹೊಳಪು ಪದರ ತೆಳುವಾದ ರಾಳದ ಚರ್ಮ. ಅದು ಹೋದರೆ ಒಳಗಿನ ಮರದ ಹುಡಿ ಹೊರಬಿದ್ದು ನೀರನ್ನು ಹೀರತೊಡಗುತ್ತದೆ. ಮೇಲಾಗಿ ಬಿಸಿ ತಡೆಯಲೆಂದು ಕೆಲವು ಬಗೆಗಳಿಗೆ ಕಲ್ನಾರನ್ನು ಬೆರೆಸುತ್ತಿದ್ದುದರಿಂದ ತಿಕ್ಕಿದ ಧೂಳು ಶ್ವಾಸಕೋಶಕ್ಕೂ ಕೇಡು.

ಮರದ ಪೆಟ್ಟಿಗೆಯಾದರೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಹೆಚ್ಚಿನ ಕಾರ್ಖಾನೆ ರೇಡಿಯೋಗಳಲ್ಲಿ ಒಳಗೆ ಪ್ಲೈವುಡ್, ಮೇಲೆ ವಿನೀರ್ ಇರುತ್ತದೆ. ವಿನೀರ್ ಎಂದರೆ ಬೆಲೆಬಾಳುವ ಮರದಿಂದ ಕಾಗದದಂತೆ ಕೊಯ್ದು ಅಂಟಿಸಿದ ಹಾಳೆ. "ಗಟ್ಟಿ ಮರವಲ್ಲ, ಬರೀ ಪ್ಲೈವುಡ್" ಎಂದು ಅನೇಕರು ನಿರಾಶರಾಗುತ್ತಾರೆ. ಹಾಗೆ ಆಗಬೇಕಿಲ್ಲ. ಜಲಪಾತದಂಥ ಬಾಗಿದ ಅಂಚನ್ನು ಗಟ್ಟಿ ಹಲಗೆಯಲ್ಲಿ ಮಾಡುವುದು ಕಷ್ಟ ಮತ್ತು ದುಬಾರಿ. ಬಗ್ಗಿಸಿದ ಪ್ಲೈವುಡ್ಡಿಗೆ ವಿನೀರ್ ಸುತ್ತುವುದೇ ಡೆಕೊ ಕಾಲದ ಕೌಶಲವಾಗಿತ್ತು.

ಹಂತ 3: ಡಯಲನ್ನು ಓದಿ, ಆದರೆ ಒರೆಸಬೇಡಿ

ಡಯಲು ಎಂದರೆ ನಿಲ್ದಾಣಗಳ ಹೆಸರು ಮತ್ತು ಅಂಕೆಗಳಿರುವ ಗಾಜಿನ ಪಟ್ಟಿ. ಈ ಅಕ್ಷರಗಳನ್ನು ಗಾಜಿನ ಹಿಂಬದಿಗೆ ಬಣ್ಣದಲ್ಲಿ ಅಚ್ಚೊತ್ತಿರುತ್ತಾರೆ. ದಶಕಗಳ ತೇವದಿಂದ ಆ ಬಣ್ಣ ಗಾಜನ್ನು ಬಿಟ್ಟು ಬರೀ ಧೂಳಿನಂತೆ ಕುಳಿತಿರುತ್ತದೆ. ನಾನು ಕೈಗೆ ತೆಗೆದುಕೊಂಡ ಮೊದಲ ರೇಡಿಯೋದಲ್ಲಿ ಗಾಜು ಕಳಚಿ, ಒದ್ದೆ ಬಟ್ಟೆಯಿಂದ ಹಿಂಬದಿಯನ್ನು ಒಮ್ಮೆ ಸವರಿದೆ. "ಸಿಲೋನ್" ಎಂಬ ಹೆಸರು, ಅದರ ಪಕ್ಕದ ಎರಡು ಊರುಗಳು ಹಳದಿ ಕಲೆಯಾಗಿ ಬಟ್ಟೆಗೆ ಬಂದುಬಿಟ್ಟವು. ಆ ರೇಡಿಯೋದ ಡಯಲಿನಲ್ಲಿ ಇಂದಿಗೂ ಆ ಜಾಗ ಖಾಲಿಯಾಗಿದೆ. ಮುಂಬದಿಯನ್ನು ಮಾತ್ರ ಒಣ ಬಟ್ಟೆಯಿಂದ ಒರೆಸಿ. ಹಿಂಬದಿಯನ್ನು ಬ್ರಷ್ಷಿನಿಂದ ಕೂಡ ಮುಟ್ಟಬೇಡಿ.

ಡಯಲು ಕಾಲದ ಬಗ್ಗೆ ಒಂದಿಷ್ಟು ಹೇಳುತ್ತದೆ. ಹಳೆಯವುಗಳಲ್ಲಿ ಅಂಕೆಗಳು ಮೀಟರಿನಲ್ಲಿರುತ್ತವೆ. 25, 31, 41 ಎಂಬ ಶಾರ್ಟ್‌ವೇವ್ ಅಂಕೆಗಳನ್ನು ರೇಡಿಯೋ ಸಿಲೋನ್ ಕೇಳಿ ಬೆಳೆದ ಹಿರಿಯರು ಬಾಯಿಪಾಠ ಹೇಳಬಲ್ಲರು. ಯುದ್ಧಕ್ಕೆ ಮೊದಲಿನ ರೇಡಿಯೋ ಮನೆಯಲ್ಲಿದೆ ಎನ್ನುವವರು ಒಂದು ವಿಷಯ ನೆನಪಿಡಬೇಕು. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು "ಆಕಾಶವಾಣಿ" ಎಂಬ ಹೆಸರಿನ ಖಾಸಗಿ ನಿಲಯವನ್ನು ಆರಂಭಿಸಿದ್ದೇ 1935ರಲ್ಲಿ. ಬೆಂಗಳೂರಿನ ಆಕಾಶವಾಣಿ ಕೇಂದ್ರ ಬಂದದ್ದು 1955ರಲ್ಲಿ. 1930ರ ದಶಕದಲ್ಲಿ ಇಲ್ಲಿ ರೇಡಿಯೋ ಇಟ್ಟುಕೊಂಡಿದ್ದವರು ದೂರದ ಶಾರ್ಟ್‌ವೇವ್ ನಿಲ್ದಾಣಗಳನ್ನು ಕೇಳುವ ಆಸಕ್ತಿಯೂ ಅನುಕೂಲವೂ ಇದ್ದ ಕೆಲವರು. ಅಂಥದ್ದು ಸಿಗಬಾರದೆಂದಿಲ್ಲ, ಆದರೆ ಸಿಗುವುದು ಅಪರೂಪ.

ಹಂತ 4: ಹಿಂಬದಿಯ ಮುಚ್ಚಳ ತೆಗೆದು ವಾಲ್ವುಗಳನ್ನು ಓದಿ

ಕಾಲವನ್ನು ನಿರ್ಧರಿಸುವ ಹಂತ ಇದು. ಆದ್ದರಿಂದ ಇಲ್ಲಿ ನಿಧಾನವಾಗಿ ನಡೆಯೋಣ.

ವಾಲ್ವು ಎಂದರೆ ಟ್ರಾನ್ಸಿಸ್ಟರ್ ಬರುವ ಮೊದಲು ರೇಡಿಯೋದಲ್ಲಿ ಕೆಲಸ ಮಾಡುತ್ತಿದ್ದ, ಸಣ್ಣ ಬಲ್ಬಿನಂತೆ ಕಾಣುವ ಗಾಜಿನ ಭಾಗ. ರೇಡಿಯೋವನ್ನು ಬೆಡ್‌ಶೀಟಿನ ಮೇಲೆ ಮುಖ ಅಡಿಯಾಗದಂತೆ ಇರಿಸಿ, ಹಿಂದಿನ ರಟ್ಟಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ. ರಟ್ಟನ್ನು ಎಸೆಯಬೇಡಿ. ಮಾದರಿಯ ಸಂಖ್ಯೆ, ತಯಾರಾದ ಊರು, ವೋಲ್ಟೇಜು ಬರೆದ ಚೀಟಿ ಹೆಚ್ಚಾಗಿ ಅದರ ಮೇಲೆಯೇ ಇರುತ್ತದೆ. ಇಲಿ ಕಡಿದ ರಟ್ಟೆಂದು ಒಲೆಗೆ ಹಾಕಿದವರನ್ನು ನಾನು ಕಂಡಿದ್ದೇನೆ. ರೇಡಿಯೋದ ಜಾತಕವನ್ನು ಸುಟ್ಟಂತೆಯೇ ಅದು.

ಒಳಗೆ ನಾಲ್ಕರಿಂದ ಆರು ವಾಲ್ವುಗಳು ಕಾಣುತ್ತವೆ. ಮೊದಲು ಅವುಗಳ ಬುಡ ನೋಡಿ. ಬುಡಕ್ಕೆ ದಪ್ಪ ಕಪ್ಪು ಅಥವಾ ಕಂದು ಬೇಕಲೈಟ್ ಬಿಲ್ಲೆಯಿದ್ದು, ಅದರಿಂದ ಎಂಟು ಕಡ್ಡಿಗಳು ಹೊರಟಿದ್ದರೆ ಅದು ಆಕ್ಟಲ್ ಬಗೆ, 1935ರಿಂದ ಈಚಿನದು. ಬಿಲ್ಲೆಯೇ ಇಲ್ಲದೆ, ಕಿರುಬೆರಳಿನಷ್ಟು ದಪ್ಪದ ಗಾಜಿನಿಂದಲೇ ನೇರವಾಗಿ ಏಳು ಅಥವಾ ಒಂಬತ್ತು ಸೂಜಿಗಳು ಹೊರಟಿದ್ದರೆ ಹೆಚ್ಚಾಗಿ ಯುದ್ಧಾನಂತರದ್ದು.

ಬಳಿಕ ಗಾಜಿನ ಮೇಲಿನ ಬರಹ ಓದಿ. ಬೆರಳಿನಿಂದ ಉಜ್ಜಿದರೆ ಬರಹ ಹೋಗುತ್ತದೆ. ಕಾಣದಿದ್ದರೆ ಬಾಯಿಯಿಂದ ಮೆಲ್ಲಗೆ ಆವಿ ಊದಿ. ಮಂಜು ಕಟ್ಟಿದ ಗಾಜಿನ ಮೇಲೆ ಅಕ್ಷರಗಳು ಕ್ಷಣಕಾಲ ಎದ್ದು ಬರುತ್ತವೆ, ಆಗ ಫೋಟೋ ತೆಗೆದುಕೊಳ್ಳಿ. ಯುರೋಪಿನ ವಾಲ್ವುಗಳ ಹೆಸರಿನಲ್ಲಿ ಮೊದಲು ಎರಡು ಮೂರು ಇಂಗ್ಲಿಷ್ ಅಕ್ಷರಗಳು, ಆಮೇಲೆ ಎರಡಂಕಿಯ ಸಂಖ್ಯೆ ಇರುತ್ತದೆ. ಇದು ಒಂದು ಸಂಕೇತ ಭಾಷೆ. ಮೊದಲ ಅಕ್ಷರ ವಿದ್ಯುತ್ತಿನ ಬಗೆಯನ್ನು ಹೇಳುತ್ತದೆ. ಡಿ ಎಂದಿದ್ದರೆ ಬ್ಯಾಟರಿ ರೇಡಿಯೋ, ಇ ಎಂದಿದ್ದರೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವ ಕರೆಂಟಿನ ರೇಡಿಯೋ, ಯು ಎಂದಿದ್ದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ ಕರೆಂಟಿಗೆ ಜೋಡಿಸುವ ರೇಡಿಯೋ. ಸಂಖ್ಯೆಯ ಮೊದಲ ಅಂಕೆ ಬುಡದ ಬಗೆಯನ್ನು ಹೇಳುತ್ತದೆ. ಮೂವತ್ತರ ಸಾಲಿನವು ಆಕ್ಟಲ್, ನಲವತ್ತರ ಸಾಲಿನವು ಯುದ್ಧ ಮುಗಿದ ಕೂಡಲೇ ಬಂದ ರಿಮ್‌ಲಾಕ್ ಬಗೆ, ಎಂಬತ್ತರವು ಒಂಬತ್ತು ಸೂಜಿಯ, 1950ರ ದಶಕವನ್ನು ಆಳಿದ ಬಗೆ, ತೊಂಬತ್ತರವು ಏಳು ಸೂಜಿಯ ಕಿರು ಬಗೆ. ಹೀಗಾಗಿ ಇಸಿಎಚ್35 ಮತ್ತು ಇಸಿಎಚ್81 ಒಂದೇ ಕೆಲಸ ಮಾಡುವ ವಾಲ್ವುಗಳಾದರೂ ಅವು ಬೇರೆಬೇರೆ ಕಾಲದವು.

"ವಾಲ್ವು ಸುಟ್ಟಾಗ ಬದಲಿಸುತ್ತಿದ್ದರಲ್ಲ, ಅದರಿಂದ ಕಾಲ ಹೇಗೆ ತಿಳಿಯುತ್ತದೆ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ವಾಲ್ವನ್ನು ಬದಲಿಸಬಹುದು, ಆದರೆ ಅದು ಕೂರುವ ಸಾಕೆಟ್ಟನ್ನು ಯಾರೂ ಸುಮ್ಮನೆ ಬದಲಿಸುವುದಿಲ್ಲ. ಒಂಬತ್ತು ತೂತಿನ ಸಾಕೆಟ್ಟಿನಲ್ಲಿ ಆಕ್ಟಲ್ ವಾಲ್ವು ಕೂರದು. ಆದ್ದರಿಂದ ಬುಡದ ಸಾಕ್ಷಿ ಬರಹದ ಸಾಕ್ಷಿಗಿಂತ ಗಟ್ಟಿ. ಮತ್ತೊಂದು ನಿಯಮವನ್ನೂ ಸೇರಿಸಿಕೊಳ್ಳಿ: ವಸ್ತುವಿನ ಮೂಲ ಭಾಗಗಳಲ್ಲಿ ಅತಿ ಹೊಸದು ಯಾವುದೋ ಅದಕ್ಕಿಂತ ವಸ್ತು ಹಳೆಯದಾಗಿರಲಾರದು. ಆಕ್ಟಲ್ ವಾಲ್ವು ಇದ್ದ ಮಾತ್ರಕ್ಕೆ 1935 ಎನ್ನಲಾಗದು, ಅವು 1950ರ ದಶಕದಲ್ಲೂ ಬಳಕೆಯಲ್ಲಿದ್ದವು. ಒಂಬತ್ತು ಸೂಜಿಯ ವಾಲ್ವು ಇದ್ದರೆ ಮಾತ್ರ 1935 ಖಂಡಿತ ಅಲ್ಲ.

ಈಗ ಪ್ಲಗ್ಗಿನ ಎಚ್ಚರಿಕೆಗೆ ಬರೋಣ. ಯು ಅಕ್ಷರದ ರೇಡಿಯೋಗಳಲ್ಲಿ ಷಾಸಿ, ಅಂದರೆ ಎಲ್ಲ ಭಾಗಗಳನ್ನು ಕೂರಿಸಿದ ತಗಡಿನ ಚೌಕಟ್ಟು, ಕರೆಂಟಿನ ಒಂದು ತಂತಿಗೆ ನೇರವಾಗಿ ಜೋಡಣೆಯಾಗಿರುತ್ತದೆ. ಪ್ಲಗ್ಗು ತಿರುಗಿ ಕೂತರೆ ಪೂರ್ತಿ ತಗಡಿನಲ್ಲಿ ವಿದ್ಯುತ್ತು ಹರಿಯುತ್ತದೆ, ಗುಬ್ಬಿ ಕಳಚಿದ ಕಡ್ಡಿಯನ್ನು ಮುಟ್ಟಿದರೂ ಅಪಾಯ. ಬೇರೆ ಬಗೆಯವುಗಳಲ್ಲೂ ತಂತಿಯ ರಬ್ಬರು ಪುಡಿಯಾಗಿರುತ್ತದೆ, ಕಾಗದದ ಕೆಪಾಸಿಟರುಗಳು ಸೋರುತ್ತಿರುತ್ತವೆ. ಸಿಕ್ಕಿಸಿದ ಹತ್ತು ನಿಮಿಷದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದಕ್ಕೆ ಬದಲಿ ಸಿಗುವುದು ಕಷ್ಟ. ವಾಲ್ವು ರೇಡಿಯೋ ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಿದ ಮೇಲೆಯೇ ಕರೆಂಟು ಕೊಡಿ. ಹಾಡದ ರೇಡಿಯೋಕ್ಕೂ ಕೊಳ್ಳುವವರಿದ್ದಾರೆ, ಸುಟ್ಟದ್ದಕ್ಕೆ ಕಡಿಮೆ.

ಹಂತ 5: ಟ್ರಂಕಿನಲ್ಲಿ ಕಾಗದ ಹುಡುಕಿ

ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ವರ್ಷ ವರ್ಷ ನವೀಕರಿಸಿದ ಸಣ್ಣ ಪುಸ್ತಕ ಹಳೆಯ ಜಮ್ಮಾ ಕಾಗದಗಳ ನಡುವೆ ಸಿಗುವುದುಂಟು. ಅದರ ಮೊದಲ ಮುದ್ರೆಯ ತಾರೀಖು ನಿಮ್ಮ ಮನೆಯಲ್ಲಿ ರೇಡಿಯೋ ಇದ್ದುದಕ್ಕೆ ಸಾಕ್ಷಿ. ಇದೇ ರೇಡಿಯೋ ಎಂಬುದಕ್ಕೆ ಅಲ್ಲ, ಅದನ್ನು ಮರೆಯದಿರಿ. ರಸೀದಿ, ಜೊತೆಗೆ ಬಂದ ಸೂಚನಾ ಪುಸ್ತಕ, ರೇಡಿಯೋ ಹಿಂದೆ ಕಾಣುವ ಮನೆಯವರ ಫೋಟೋ ಯಾವುದಿದ್ದರೂ ವಸ್ತುವಿನ ಜೊತೆಗೇ ಇಡಿ.

ಒಂದು ನಿದರ್ಶನ

ನಾಪೋಕ್ಲು ಕಡೆಯ ಒಂದು ತೋಟದ ಮನೆಯಲ್ಲಿ ನನಗೆ ತೋರಿಸಿದ ರೇಡಿಯೋವನ್ನು ಹಂತ ಹಂತವಾಗಿ ನೋಡೋಣ. ಮರದ ಪೆಟ್ಟಿಗೆ, ಅಡ್ಡಕ್ಕೆ ಉದ್ದ, ಎರಡೂ ಭುಜ ದುಂಡಗೆ ಬಾಗಿ ಇಳಿದಿವೆ. ಸ್ಪೀಕರಿನ ಮೇಲೆ ಮೂರು ಅಡ್ಡ ಪಟ್ಟಿಗಳು. ಮನೆಯ ಹಿರಿಯರು, "ತಾತ ಮಿಲಿಟರಿಯಲ್ಲಿದ್ದರು, 1945ರಲ್ಲಿ ಯುದ್ಧದಿಂದ ಬರುವಾಗ ತಂದದ್ದು" ಎಂದರು. ಹೊರಗಿನ ರೂಪ ಆ ಮಾತಿಗೆ ಒಪ್ಪುವಂತೆಯೇ ಇತ್ತು.

ಹಿಂಬದಿ ತೆಗೆದಾಗ ಮೊದಲು ಗಮನಕ್ಕೆ ಬಂದದ್ದು ದೊಡ್ಡ ಖಾಲಿ ಜಾಗ. ಟ್ರಾನ್ಸ್‌ಫಾರ್ಮರ್ ಇಲ್ಲ, ಗೋಡೆಗೆ ಹೋಗುವ ತಂತಿಯೂ ಇಲ್ಲ, ತುದಿಯಲ್ಲಿ ನಾಲ್ಕು ಕಡ್ಡಿಯ ಪ್ಲಗ್ಗಿರುವ ಗಿಡ್ಡ ತಂತಿ ಮಾತ್ರ ಜೋತುಬಿದ್ದಿತ್ತು. ಅಂದರೆ ಇದು ಡ್ರೈ ಬ್ಯಾಟರಿ ರೇಡಿಯೋ. ವಾಲ್ವುಗಳ ತಂತು ಕಾಯಿಸಲು ಒಂದೂವರೆ ವೋಲ್ಟು, ಉಳಿದ ಕೆಲಸಕ್ಕೆ ತೊಂಬತ್ತು ವೋಲ್ಟು ಕೊಡುವ ಇಟ್ಟಿಗೆಯಂಥ ಬ್ಯಾಟರಿ ಆ ಖಾಲಿ ಜಾಗದಲ್ಲಿ ಕೂರುತ್ತಿತ್ತು. ಕರೆಂಟು ಬಾರದ ತೋಟದ ಮನೆಗೆ ತಕ್ಕ ರೇಡಿಯೋ. ನಾಲ್ಕೂ ವಾಲ್ವುಗಳು ಬುಡವಿಲ್ಲದ ಏಳು ಸೂಜಿಯ ಕಿರು ಬಗೆ. ಆವಿ ಊದಿ ಓದಿದರೆ ಡಿಕೆ96, ಡಿಎಫ್96, ಡಿಎಎಫ್96, ಡಿಎಲ್96. ಈ ತೊಂಬತ್ತಾರರ ಸರಣಿ ಬ್ಯಾಟರಿ ಉಳಿಸಲೆಂದು 1950ರ ದಶಕದಲ್ಲಿ ಬಂದದ್ದು. ಒಂದು ವಾಲ್ವು ಮಾತ್ರ ಹೊಸದಿದ್ದರೆ ರಿಪೇರಿ ಎನ್ನಬಹುದಿತ್ತು, ನಾಲ್ಕೂ ಅದೇ ಸರಣಿಯವಾದ್ದರಿಂದ ಅವು ಹುಟ್ಟಿನಿಂದ ಬಂದವು.

ಹೀಗಾಗಿ ತೀರ್ಮಾನ ಇಷ್ಟು: ಶೈಲಿ ತಡವಾಗಿ ಉಳಿದುಬಂದ ಡೆಕೊ, ಕಾಲ 1950ರ ದಶಕದ ಮಧ್ಯಭಾಗ ಅಥವಾ ಅದರ ನಂತರ. ತಾತ 1945ರಲ್ಲಿ ರೇಡಿಯೋ ತಂದದ್ದು ಸುಳ್ಳೆಂದು ಇದರರ್ಥವಲ್ಲ, ತಂದದ್ದು ಇದಲ್ಲ ಅಷ್ಟೆ. ಹಿರಿಯರಿಗೆ ಸ್ವಲ್ಪ ಬೇಸರವಾಯಿತು. ಆದರೆ ಸಂಗ್ರಹಕಾರರ ಕಣ್ಣಲ್ಲಿ ಅದು ಕಡಿಮೆಯಾಗಲಿಲ್ಲ. ನಾಲ್ಕು ಗುಬ್ಬಿಗಳೂ ಮೂಲದವು, ಡಯಲು ಪೂರ್ತಿಯಾಗಿತ್ತು, ಚೀಟಿ ಸಹಿತ ರಟ್ಟು ಉಳಿದಿತ್ತು.

ಅದೇ ಕಣ್ಣಿನಿಂದ ಪೀಠೋಪಕರಣ

ಮೇಜು, ಕಪಾಟುಗಳಿಗೆ ನಾನು ಬಳಸುವ ಮೊದಲ ಪರೀಕ್ಷೆ ಪೊರಕೆಯದು. ಕೆಳಗೆ ಪೊರಕೆ ಆಡುತ್ತದೆಯೇ ನೋಡಿ. ಡೆಕೊ ಕಪಾಟು ಪೀಠದ ಮೇಲೆ ಭಾರವಾಗಿ ನೆಲಕ್ಕೆ ಕೂತಿರುತ್ತದೆ, ಪೊರಕೆ ಹೋಗದು. ಮಿಡ್-ಸೆಂಚುರಿ ಕಪಾಟು ಕೆಳಗೆ ಹೋದಂತೆ ಸಣ್ಣಗಾಗುವ, ಹೊರಕ್ಕೆ ಚಾಚಿದ ಕಾಲುಗಳ ಮೇಲೆ ನಿಂತಿರುತ್ತದೆ. ದುಂಡು ಕನ್ನಡಿಯ ಎರಡೂ ಬದಿಗೆ ಮೆಟ್ಟಿಲಿನಂತೆ ಡ್ರಾಯರುಗಳಿರುವ ಡ್ರೆಸ್ಸಿಂಗ್ ಟೇಬಲು ಡೆಕೊ. ಮೇಲೆ ಸನ್‌ಮೈಕಾ ಅಂಟಿಸಿದ ತೆಳು ಟೀಪಾಯಿ ಯುದ್ಧಾನಂತರದ್ದು. ಕೊಡಗಿನಲ್ಲಿ ಬೀಟೆ, ತೇಗ ಸುಲಭವಾಗಿ ಸಿಗುತ್ತಿದ್ದುದರಿಂದ ಊರ ಬಡಗಿಗಳು ಡೆಕೊ ರೂಪವನ್ನು ವಿನೀರ್ ಇಲ್ಲದೆ ಗಟ್ಟಿ ಹಲಗೆಯಲ್ಲೇ ಕಡೆದದ್ದೂ ಇದೆ. ಡ್ರಾಯರು ಎಳೆದು ಮೂಲೆ ನೋಡಿ. ಎರಡು ಹಲಗೆಗಳನ್ನು ಬೆರಳು ಹೆಣೆದಂತೆ ಕೂಡಿಸಿದ್ದು, ಹಲ್ಲುಗಳ ಅಳತೆಯಲ್ಲಿ ಒಂದಿಷ್ಟು ಏರುಪೇರು ಇದ್ದರೆ ಕೈಕೆಲಸ. ನಕ್ಷತ್ರ ತಲೆಯ ಸ್ಕ್ರೂ ಕಂಡರೆ ಆ ಜಾಗದಲ್ಲಿ ಆಮೇಲೆ ಕೈಯಾಡಿಸಿದ್ದಾರೆಂದು ತಿಳಿಯಿರಿ.

ವರಾಂಡದಲ್ಲಿ ಕಾಲು ಚಾಚಲು ಉದ್ದ ಕೈಗಳಿರುವ ಪ್ಲಾಂಟರ್ ಕುರ್ಚಿಯನ್ನು ಡೆಕೊ ಪಟ್ಟಿಗೆ ಸೇರಿಸಬೇಡಿ. ಅದು ಹಿಂದಿನ ಶತಮಾನದಿಂದಲೇ ಬಂದ ಬೇರೆಯದೇ ವಂಶ.

ಈಗ ಇವನ್ನು ಯಾಕೆ ಸಂಗ್ರಹಿಸುತ್ತಾರೆ

ಹಳೆಯದೆಂಬ ಕಾರಣಕ್ಕೆ ಅಲ್ಲ. ನಮ್ಮ ದೇಶದ 1972ರ ಪುರಾತನ ವಸ್ತು ಕಾನೂನಿನ ಸಾಮಾನ್ಯ ಲೆಕ್ಕದಲ್ಲಿ ಪುರಾತನ ಎನಿಸಲು ನೂರು ವರ್ಷ ಆಗಿರಬೇಕು. 1930ರ ರೇಡಿಯೋಗೂ ಆ ಅರ್ಹತೆ ಇನ್ನೂ ಬಂದಿಲ್ಲ. "ಆಂಟಿಕ್" ಎಂದು ಹೇಳಿ ಹೆಚ್ಚು ಬೆಲೆ ಹೇಳುವವರಿಗೂ, "ಆಂಟಿಕ್ ಅಲ್ಲ" ಎಂದು ಗುಜರಿ ಬೆಲೆಗೆ ಕೇಳುವವರಿಗೂ ಇದೇ ಉತ್ತರ.

ಮೊದಲ ಕಾರಣ ವಿನ್ಯಾಸ. ಬೇಕಲೈಟಿಗೆ ಬೇಕಾದ ಉಕ್ಕಿನ ಅಚ್ಚು ಬಹಳ ದುಬಾರಿಯಾಗಿದ್ದರಿಂದ, ಒಮ್ಮೆ ಮಾಡಿದರೆ ಸಾವಿರಾರು ಪೆಟ್ಟಿಗೆ ಮಾರಾಟವಾಗುವಂಥ ರೂಪ ಬೇಕಿತ್ತು. ಹಾಗಾಗಿ ಇಂಗ್ಲೆಂಡಿನ ಎಕ್ಕೋ ಕಂಪನಿ ವೆಲ್ಸ್ ಕೋಟ್ಸ್ ಎಂಬ ವಾಸ್ತುಶಿಲ್ಪಿಯಿಂದ ರೂಪ ಬರೆಸಿ 1934ರಲ್ಲಿ ಪೂರ್ತಿ ವೃತ್ತಾಕಾರದ ರೇಡಿಯೋ ತಂದಿತು. ಮರದ ಪೆಟ್ಟಿಗೆಯನ್ನು ಅನುಕರಿಸದೆ, ಪ್ಲಾಸ್ಟಿಕ್ಕಿಗೆ ತನ್ನದೇ ಆಕಾರ ಕೊಟ್ಟ ಆ ರೇಡಿಯೋ ಈಗ ವಸ್ತುಸಂಗ್ರಹಾಲಯಗಳಲ್ಲಿದೆ. ಎರಡನೆಯದು, ಹೊಸದಾಗಿ ಮಾಡಲಾಗದ ಸ್ಥಿತಿ. ಆ ಅಚ್ಚುಗಳಿಲ್ಲ, ಅಷ್ಟಗಲದ ಬೀಟೆ ಹಲಗೆ ಸಿಗುವುದಿಲ್ಲ. ಮೂರನೆಯದು, ಎಸೆದು ಎಸೆದು ಉಳಿದದ್ದು ಕಡಿಮೆಯಾಯಿತು. ಚಂಡೀಗಢದ ಸರ್ಕಾರಿ ಕಚೇರಿಗಳಿಗೆಂದು 1950ರ ದಶಕದಲ್ಲಿ ಪಿಯರ್ ಜೀನರೆ ಅವರ ನೇತೃತ್ವದಲ್ಲಿ ರೂಪಿಸಿದ ತೇಗ ಮತ್ತು ಬೆತ್ತದ ಕುರ್ಚಿಗಳನ್ನು ಹಳೆಯ ಸಾಮಾನೆಂದು ಹರಾಜು ಹಾಕಿದರು. ಅವೇ ಕುರ್ಚಿಗಳು ಮುಂದೆ ವಿದೇಶದ ಹರಾಜುಗಳಲ್ಲಿ ಭಾರಿ ಬೆಲೆಗೆ ಹೋದವು. ಅದರ ಬೆನ್ನಿಗೇ ನಕಲಿಗಳೂ ಬಂದವು. 2018ರಲ್ಲಿ ಮುಂಬಯಿಯ ಡೆಕೊ ಕಟ್ಟಡಗಳ ಸಮೂಹ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಕಾಲದ ಮನೆಸಾಮಾನಿನ ಕಡೆಗೂ ಜನರ ಕಣ್ಣು ಹೋಯಿತು.

ಮಾರುವ ಯೋಚನೆಯಿದ್ದರೆ ಪಾಲಿಶ್ ಹಾಕಿಸಬೇಡಿ. ಹೊಸ ವಾರ್ನಿಷ್ ಹೊಡೆದ ಪೆಟ್ಟಿಗೆಗಿಂತ ಗೀರುಬಿದ್ದ ಮೂಲ ಪೆಟ್ಟಿಗೆಯನ್ನೇ ಬಲ್ಲವರು ಬಯಸುತ್ತಾರೆ. ಬೀಟೆಯ ಸಾಮಾನನ್ನು ಹೊರದೇಶಕ್ಕೆ ಕಳಿಸುವುದಾದರೆ, ಆ ಮರದ ಕುಲವಿಡೀ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವುದರಿಂದ, ಯಾವ ಕಾಗದ ಬೇಕೆಂದು ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿ.

ಇಟ್ಟುಕೊಳ್ಳುವವರಿಗೆ ಮಳೆಗಾಲದ ಮಾತು. ಆ ಕಾಲದ ವಿನೀರನ್ನು ಅಂಟಿಸಿದ್ದು ಹೆಚ್ಚಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟಿನಿಂದ, ಅದು ತೇವಕ್ಕೆ ಬಿಡುತ್ತದೆ. ಜೂನ್ ತಿಂಗಳಿಗೆ ಮೊದಲೇ ಪೆಟ್ಟಿಗೆಯನ್ನು ಹೊರಗೋಡೆಯಿಂದ ಒಂದು ಗೇಣು ದೂರ ಸರಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸದೆ ಹತ್ತಿ ಬಟ್ಟೆ ಹೊದಿಸಿ. ಹಾಗೆಂದು ಅಗ್ಗಿಷ್ಟಿಕೆಯ ಹತ್ತಿರವೂ ಇಡಬೇಡಿ. ಬೂಷ್ಟು ಬಂದರೆ ಒಣ ಬ್ರಷ್ಷಿನಿಂದ ಹೊರಗೆ ಕೊಡವಿ. ಕೆಳಗೆ ಗೋಧಿಹಿಟ್ಟಿನಂಥ ನುಣ್ಣನೆಯ ಪುಡಿ ಬಿದ್ದಿದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ, ಅದನ್ನು ಉಳಿದ ಮರದ ಸಾಮಾನಿನಿಂದ ಅಂದೇ ಬೇರೆ ಕೋಣೆಗೆ ಸಾಗಿಸಿ.